ಟೆಂಪರರಿ ಚಾಟ್ ಮುಚ್ಚಿದ ಮೇಲೆ ಏನು ಉಳಿಯುತ್ತದೆ, ಏನು ಹೋಗುತ್ತದೆ: ಕೆಲಸ ಕೆಡದಂತೆ ಬಳಸುವ ಸಮಗ್ರ ಮಾರ್ಗದರ್ಶಿ

ಚಾಟ್‌ಜಿಪಿಟಿಯಂಥ ಎಐ ಸೇವೆಗಳಲ್ಲಿ, ಹಿಸ್ಟರಿಗೆ ಸೇರದ ಟೆಂಪರರಿ ಚಾಟ್ ಆನ್ ಮಾಡಿ ಮಾತಾಡಿದರೆ ಎಲ್ಲ ಕಡೆಯಿಂದಲೂ ತಕ್ಷಣ ಅಳಿಸಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅಳಿಸಿಹೋಗುವುದು ನಿಜ. ಆದರೆ ಜನ ಅಂದುಕೊಂಡ ಕ್ರಮದಲ್ಲಿ ಅಲ್ಲ. ಮೊದಲು ಹೋಗುವುದು ನಿಮ್ಮ ಕಣ್ಣೆದುರಿಗಿರುವ ಪ್ರತಿ, ಅದೂ ಟ್ಯಾಬ್ ಮುಚ್ಚಿದ ಕ್ಷಣವೇ. ಕಂಪನಿಯ ಸರ್ವರ್‌ನಲ್ಲಿರುವ ಪ್ರತಿ ಆಮೇಲೆ, ಕೆಲವು ದಿನ ಅಥವಾ ವಾರಗಳು ಕಳೆದ ಮೇಲೆ ಹೋಗುತ್ತದೆ. ಅಂದರೆ ಈ ಮಧ್ಯದ ದಿನಗಳಲ್ಲಿ ಆ ಸಂಭಾಷಣೆ ಇರುತ್ತದೆ, ನಿಮಗೆ ಮಾತ್ರ ಸಿಗುವುದಿಲ್ಲ.

ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ. ಚಾಟ್‌ಜಿಪಿಟಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ, ಜೆಮಿನಿ ಮತ್ತು ಕ್ಲಾಡ್ ಎಲ್ಲಿ ಬೇರೆಯೋ ಅಲ್ಲಿ ಮಾತ್ರ ಅವುಗಳ ಹೆಸರು ಎತ್ತುತ್ತೇನೆ.

ಮೊದಲು ಈ ಗೊಂದಲ ಬಿಡಿಸಿಕೊಳ್ಳಿ: ಬ್ರೌಸರ್‌ನ ಇನ್ಕಾಗ್ನಿಟೊ ಬೇರೆ, ಚಾಟ್‌ನ ಇನ್ಕಾಗ್ನಿಟೊ ಬೇರೆ

ಕ್ರೋಮ್‌ನಲ್ಲಿ ಇನ್ಕಾಗ್ನಿಟೊ ಕಿಟಕಿ ತೆರೆದು, ಅಲ್ಲಿ ನಿಮ್ಮ ಖಾತೆಗೆ ಲಾಗಿನ್ ಆಗಿ ಮಾತಾಡಿದರೆ, ಆ ಚಾಟ್ ಎಂದಿನ ಹಾಗೆಯೇ ಖಾತೆಯ ಹಿಸ್ಟರಿಯಲ್ಲಿ ಕೂರುತ್ತದೆ. ಫೋನಿನಲ್ಲಿ ಆ್ಯಪ್ ತೆರೆದರೆ ಅಲ್ಲೂ ಕಾಣುತ್ತದೆ. ಬ್ರೌಸರ್ ಮರೆಯುವುದು ತನ್ನ ಕಂಪ್ಯೂಟರ್‌ನಲ್ಲಿ ಇರುವುದನ್ನು ಮಾತ್ರ: ಯಾವ ಸೈಟಿಗೆ ಹೋದಿರಿ, ಯಾವ ಕುಕಿ ಇತ್ತು, ಅಷ್ಟೇ. ಸರ್ವರ್ ಕಡೆ ಅದಕ್ಕೆ ಏನೂ ಗೊತ್ತಿಲ್ಲ.

ಚಾಟ್ ಸೇವೆಯೊಳಗಿನ ಟೆಂಪರರಿ ಮೋಡ್ ಇದಕ್ಕೆ ಸರಿಯಾಗಿ ವಿರುದ್ಧ. ಅದು ಖಾತೆಯ ಹಿಸ್ಟರಿಯನ್ನು ತಡೆಯುತ್ತದೆ, ಆದರೆ ನಿಮ್ಮ ಬ್ರೌಸರ್ ಹಿಸ್ಟರಿಯಲ್ಲಿ ಆ ಸೈಟಿಗೆ ಹೋದದ್ದು ಉಳಿಯುತ್ತದೆ. ಡೌನ್‌ಲೋಡ್ ಮಾಡಿದ ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಇರುತ್ತದೆ. ತೆಗೆದ ಸ್ಕ್ರೀನ್‌ಶಾಟ್ ಗ್ಯಾಲರಿಗೆ, ಬ್ಯಾಕಪ್ ಆನ್ ಇದ್ದರೆ ಕ್ಲೌಡ್‌ಗೂ ಹೋಗುತ್ತದೆ. ಮನೆಯ ಕಂಪ್ಯೂಟರನ್ನು ಎಲ್ಲರೂ ಬಳಸುತ್ತೀರಿ, ಒಂದೇ ಖಾತೆ ಅಣ್ಣನಿಗೂ ನಿಮಗೂ ಇದೆ ಅನ್ನುವ ಪರಿಸ್ಥಿತಿಯಿದ್ದರೆ ಎರಡೂ ಒಟ್ಟಿಗೆ ಬೇಕಾಗುತ್ತದೆ.

ಸಂಭಾಷಣೆ ಒಂದು, ಜಾಗ ಮೂರು

ಸಾಮಾನ್ಯ ಚಾಟ್ ಮೂರು ಕಡೆ ಗುರುತು ಬಿಡುತ್ತದೆ. ಒಂದು, ಪಕ್ಕದ ಪಟ್ಟಿಯಲ್ಲಿ ಕಾಣುವ ಹಿಸ್ಟರಿ. ಎರಡು, ಮೆಮೊರಿ, ಅಂದರೆ ನಿಮ್ಮ ಬಗ್ಗೆ ಸೇವೆ ನೆನಪಿಟ್ಟುಕೊಂಡು ಮುಂದಿನ ಚಾಟ್‌ಗಳಲ್ಲಿ ಬಳಸುವ ಮಾಹಿತಿ. ಮೂರು, ಕಂಪನಿಯ ಸರ್ವರ್‌ನಲ್ಲಿರುವ ದಾಖಲೆ. ಟೆಂಪರರಿ ಚಾಟ್ ಮೊದಲ ಎರಡಕ್ಕೆ ಹೋಗುವುದೇ ಇಲ್ಲ, ಉತ್ತರ ಕೊಡುವ ಎಐ ಮಾದರಿಗೆ ತರಬೇತಿ ಕೊಡಲೂ ಬಳಕೆಯಾಗುವುದಿಲ್ಲ. ಮೂರನೆಯದು ಮಾತ್ರ ಸ್ವಲ್ಪ ದಿನ ಉಳಿಯುತ್ತದೆ.

ಎಷ್ಟು ದಿನ? ಚಾಟ್‌ಜಿಪಿಟಿಯಲ್ಲಿ ಸುರಕ್ಷತೆಯ ಕಾರಣಕ್ಕೆ 30 ದಿನದವರೆಗೆ ಪ್ರತಿ ಇಟ್ಟುಕೊಳ್ಳಬಹುದು ಎಂದು ಅದನ್ನು ನಡೆಸುವ ಕಂಪನಿ ಓಪನ್‌ಎಐ ಹೇಳುತ್ತದೆ. ಜೆಮಿನಿಯಲ್ಲಿ ಟೆಂಪರರಿ ಚಾಟ್ 2025ರ ಆಗಸ್ಟ್‌ನಲ್ಲಿ ಬಂತು, ಅಲ್ಲಿ ಗಡುವು 72 ಗಂಟೆ. ಕ್ಲಾಡ್‌ನಲ್ಲಿ ಇದನ್ನು ಇನ್ಕಾಗ್ನಿಟೊ ಎಂದು ಕರೆಯುತ್ತಾರೆ, ಮೇಲೆ ಭೂತದ ಚಿತ್ರ ಇರುತ್ತದೆ, ಅಲ್ಲೂ ಸುಮಾರು 30 ದಿನದ ಲೆಕ್ಕವೇ. ಹೆಸರು ಹೇಗೇ ಇರಲಿ, ಈ ದಿನಗಳಲ್ಲಿ ನೀವು ಕೇಳಿದರೂ ಅದನ್ನು ವಾಪಸ್ ತೆರೆದು ಓದುವ ಬಟನ್ ಎಲ್ಲಿಯೂ ಇಲ್ಲ.

ಮೆಮೊರಿಯ ವಿಷಯದಲ್ಲಿ ಎರಡೂ ಕಡೆಯ ಬಾಗಿಲು ಮುಚ್ಚಿರುತ್ತದೆ ಅನ್ನುವುದು ಜನ ಗಮನಿಸದ ಸಂಗತಿ. ಇಲ್ಲಿ ಹೇಳಿದ್ದು ಮುಂದಿನ ಚಾಟ್‌ಗೆ ಹೋಗುವುದಿಲ್ಲ, ಸರಿ. ಹಿಂದೆ ಹೇಳಿದ್ದೂ ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ. ನೀವು ಕನ್ನಡದಲ್ಲಿ ಉತ್ತರ ಬಯಸುತ್ತೀರಿ, ನಿಮ್ಮ ಅಂಗಡಿ ಹಾಸನದಲ್ಲಿದೆ, ನಿಮಗೆ ಸಕ್ಕರೆ ಕಾಯಿಲೆ ಇದೆ, ಇದ್ಯಾವುದೂ ಅದಕ್ಕೆ ಗೊತ್ತಿರುವುದಿಲ್ಲ. ಉತ್ತರ ಇದ್ದಕ್ಕಿದ್ದಂತೆ ದಡ್ಡತನದ್ದು ಅನಿಸಿದರೆ ಮಾದರಿ ಕೆಟ್ಟಿದೆ ಅಂತಲ್ಲ, ನೀವು ಹಿನ್ನೆಲೆ ಕೊಟ್ಟಿಲ್ಲ ಅಷ್ಟೇ.

ಕಸ್ಟಮ್ ಇನ್‌ಸ್ಟ್ರಕ್ಷನ್ಸ್ ಮೆಮೊರಿಯಲ್ಲ, ಉತ್ತರ ಹೇಗಿರಬೇಕೆಂದು ನೀವೇ ಮೊದಲೇ ಬರೆದಿಡುವ ಬೇರೆ ಸೆಟ್ಟಿಂಗ್. ಟೆಂಪರರಿಯಲ್ಲಿ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಊಹಿಸುತ್ತಾ ಕೂರಬೇಡಿ. ಪ್ರತಿ ಉತ್ತರದ ಕೊನೆಗೆ ಒಂದು ನಕ್ಷತ್ರ ಚಿಹ್ನೆ ಹಾಕು ಎಂದು ಆ ಸೆಟ್ಟಿಂಗ್‌ನಲ್ಲಿ ಬರೆದು, ಟೆಂಪರರಿ ತೆರೆದು ನೋಡಿ. ನಕ್ಷತ್ರ ಬಂದರೆ ಅಲ್ಲಿ ಬರೆದ ನಿಮ್ಮ ಹೆಸರು, ಕಂಪನಿ, ಊರು ಕೂಡ ಈ ಚಾಟ್‌ಗೆ ಬರುತ್ತಿದೆ ಎಂದರ್ಥ.

ಹಂತ 1: ನಿಮಗೆ ಬೇಕಾದದ್ದು ಟೆಂಪರರಿಯೇ, ಅಥವಾ ಸಾಮಾನ್ಯ ಚಾಟ್ ಮಾಡಿ ಆಮೇಲೆ ಡಿಲೀಟ್ ಮಾಡಿದರೆ ಸಾಕೇ?

ಶುರು ಮಾಡುವ ಮೊದಲೇ ಇದನ್ನು ತೀರ್ಮಾನಿಸಬೇಕು, ಯಾಕೆಂದರೆ ಅರ್ಧ ಮಾತಾಡಿದ ಮೇಲೆ ಸಾಮಾನ್ಯ ಚಾಟನ್ನು ಟೆಂಪರರಿ ಮಾಡಲು ಬರುವುದಿಲ್ಲ. ಬಟನ್ ಇರುವುದು ಹೊಸ ಚಾಟ್‌ನ ಆರಂಭದಲ್ಲಿ.

ಚಾಟ್‌ಜಿಪಿಟಿಯಲ್ಲಿ ಸಾಮಾನ್ಯ ಚಾಟನ್ನು ಡಿಲೀಟ್ ಮಾಡಿದರೂ ಸರ್ವರ್‌ನಿಂದ ಹೋಗಲು 30 ದಿನದವರೆಗೆ ಹಿಡಿಯುತ್ತದೆ. ಹಾಗಾಗಿ ಸರ್ವರ್ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಮೆಮೊರಿಯಲ್ಲಿ. ಸಾಮಾನ್ಯ ಚಾಟ್ ನಡೆಯುವಾಗ ಮೆಮೊರಿಗೆ ಸೇರಿದ ಸಾಲು, ಆ ಚಾಟ್ ಡಿಲೀಟ್ ಮಾಡಿದ ಮಾತ್ರಕ್ಕೆ ಹೋಗುವುದಿಲ್ಲ. ಅದನ್ನು Settings ಒಳಗೆ Personalization ವಿಭಾಗಕ್ಕೆ ಹೋಗಿ ಬೇರೆಯಾಗಿ ಅಳಿಸಬೇಕು. ಮೂರು ತಿಂಗಳ ನಂತರ ಅಡುಗೆ ಬಗ್ಗೆ ಕೇಳಿದಾಗ ಉತ್ತರದಲ್ಲಿ ಅಪ್ಪನ ಕಿಡ್ನಿ ಸಮಸ್ಯೆಯ ಪ್ರಸ್ತಾಪ ಬಂದರೆ, ಅದು ಬಂದಿದ್ದು ಇಲ್ಲಿಂದ.

ನನ್ನ ಅಭಿಪ್ರಾಯ ಹೀಗಿದೆ. ಕೆಲಸ ಒಂದೇ ಕೂತಲ್ಲಿ ಮುಗಿಯುವುದಾದರೆ ಟೆಂಪರರಿ ಒಳ್ಳೆಯದು. ವಾರಗಟ್ಟಲೆ ಎಳೆಯುವ ಕೆಲಸವಾದರೆ, ಗುಟ್ಟು ಅಷ್ಟೇನೂ ಇಲ್ಲದಿದ್ದರೆ, ಮೆಮೊರಿ ಆಫ್ ಮಾಡಿ, Data controls ಒಳಗೆ ತರಬೇತಿಗೆ ಬಳಸುವ ಆಯ್ಕೆಯನ್ನೂ ಆಫ್ ಮಾಡಿ, ಸಾಮಾನ್ಯ ಚಾಟ್‌ನಲ್ಲೇ ಕೆಲಸ ಮುಗಿಸಿ ಆಮೇಲೆ ಡಿಲೀಟ್ ಮಾಡುವುದು ತಲೆನೋವಿಲ್ಲದ ದಾರಿ. ಗುಟ್ಟೂ ಬೇಕು, ಕೆಲಸವೂ ಉದ್ದ ಅಂದರೆ ಮಾತ್ರ ಕೆಳಗೆ ಹೇಳುವ ಕಷ್ಟ ಪಡಬೇಕು.

ಹಂತ 2: ತೆರೆಯಿರಿ, ಒಳಗಿದ್ದೀರಾ ಅಂತ ಖಚಿತ ಮಾಡಿಕೊಳ್ಳಿ

ಹೊಸ ಚಾಟ್ ತೆರೆದು ಮೇಲಿರುವ ಟೆಂಪರರಿ ಚಾಟ್ ಬಟನ್ ಒತ್ತಿ. ಕಂಪ್ಯೂಟರ್‌ನಲ್ಲಿ ನೇರವಾಗಿ ಈ ವಿಳಾಸವನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಬಟನ್ ಮರೆಯುವ ಪ್ರಶ್ನೆಯೇ ಬರುವುದಿಲ್ಲ:

```
https://chatgpt.com/?temporary-chat=true
```

ಪರದೆಯ ಮೇಲೆ Temporary Chat ಎಂಬ ಬರಹ ಕಾಣದೆ ಒಂದಕ್ಷರವೂ ಟೈಪ್ ಮಾಡಬೇಡಿ. ಒಂದು ಸಾದಾ ವಾಕ್ಯ ಕಳಿಸಿ, ಪಕ್ಕದ ಪಟ್ಟಿ ನೋಡಿ. ಅಲ್ಲಿ ಹೊಸ ಶೀರ್ಷಿಕೆ ಹುಟ್ಟಿಕೊಂಡರೆ ನೀವು ಸಾಮಾನ್ಯ ಚಾಟ್‌ನಲ್ಲಿದ್ದೀರಿ. ಜಾಸ್ತಿ ಜನ ಎಡವುವುದು ಮೊದಲ ಸಲ ಅಲ್ಲ, ಎರಡನೇ ಸಲ: ಒಂದು ಟೆಂಪರರಿ ಮುಗಿಸಿ ಹೊಸ ಚಾಟ್ ಒತ್ತಿದಾಗ ಅದೂ ಟೆಂಪರರಿಯೇ ಅಂದುಕೊಳ್ಳುತ್ತಾರೆ.

ಹಂತ 3: ಒಂದು ಕೆಲಸವನ್ನು ಕೊನೆತನಕ ನೋಡೋಣ

ಒಬ್ಬರ ತಂದೆಯ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕೃತವಾಗಿದೆ ಅಂತಿಟ್ಟುಕೊಳ್ಳಿ. ಮೊತ್ತ ₹1,84,000. ಪಾಲಿಸಿ ತೆಗೆದುಕೊಳ್ಳುವಾಗ ಬಿಪಿ ಇದ್ದದ್ದನ್ನು ಹೇಳಿಲ್ಲ ಎಂಬುದು ವಿಮಾ ಕಂಪನಿ ಕೊಟ್ಟ ಕಾರಣ. ಮಗಳು ಕಂಪನಿಯ ದೂರು ಅಧಿಕಾರಿಗೆ ಪತ್ರ ಬರೆಯಬೇಕು, ಅದು ಫಲಿಸದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ಹೋಗಬೇಕು. ಖಾತೆ ಅಣ್ಣನ ಜೊತೆ ಹಂಚಿಕೊಂಡದ್ದು. ಹಾಗಾಗಿ ಟೆಂಪರರಿ. ಆದರೆ ಡಿಸ್ಚಾರ್ಜ್ ಸಮ್ಮರಿ, ತಿರಸ್ಕಾರದ ಪತ್ರ, ಪಾಲಿಸಿ ಷರತ್ತು, ಇಷ್ಟನ್ನು ಒಂದೇ ಸಂಜೆ ಮುಗಿಸುವುದು ಕಷ್ಟ.

ಮೊದಲ ಕೆಲಸ ಚಾಟ್‌ನ ಹೊರಗೆ ಒಂದು ಟೆಕ್ಸ್ಟ್ ಫೈಲ್ ತೆರೆದು ಇಡುವುದು. ನೋಟ್‌ಪ್ಯಾಡ್ ಸಾಕು. ಅದರಲ್ಲಿ ಕಾಗದಗಳನ್ನು ನೋಡಿಕೊಂಡು ತಾವೇ ಮೂಲ ಮಾಹಿತಿ ಬರೆದುಕೊಳ್ಳಬೇಕು:

```
ಪಾಲಿಸಿ ಮೊದಲು ಶುರು: 12-06-2018, ನಡುವೆ ನಿಂತಿಲ್ಲ
ದಾಖಲು: 03-02-2025
ಕ್ಲೇಮ್: ₹1,84,000
ತಿರಸ್ಕಾರದ ಪತ್ರ: 21-03-2025
ಕಾರಣ: ಬಿಪಿ ಮುಚ್ಚಿಟ್ಟಿದ್ದು
```

ಈ ಐದು ಸಾಲು ಚಾಟ್‌ನಿಂದ ಹುಟ್ಟಬಾರದು, ಕಾಗದದಿಂದ ಹುಟ್ಟಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ತಂದೆಯ ಹೆಸರು, ಪಾಲಿಸಿ ಸಂಖ್ಯೆ, ಆಸ್ಪತ್ರೆಯ ರೋಗಿ ಸಂಖ್ಯೆ ಚಾಟ್‌ಗೆ ಹೋಗುವ ಅಗತ್ಯವೇ ಇಲ್ಲ. ಪತ್ರದ ಕರಡಿನಲ್ಲಿ ಆ ಜಾಗ ಖಾಲಿ ಬಿಟ್ಟು, ಕೊನೆಗೆ ಕೈಯಿಂದ ತುಂಬಿದರೆ ಆಯಿತು. ಸ್ಕ್ಯಾನ್ ಮಾಡಿದ ಕಾಗದವನ್ನು ಇಡಿಯಾಗಿ ಅಪ್‌ಲೋಡ್ ಮಾಡುವ ಬದಲು ಬೇಕಾದ ಪ್ಯಾರಾ ಟೈಪ್ ಮಾಡಿ ಅಥವಾ ಕತ್ತರಿಸಿ ಹಾಕಿ. ಪಾಲಿಸಿ ಷರತ್ತು ಕಂಪನಿಯ ಸೈಟಿನಲ್ಲೇ ಸಿಗುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ, ಅದನ್ನು ಹಾಗೆಯೇ ಹಾಕಬಹುದು.

ಈಗ ಕೆಲಸ ಶುರು. ಒಂದೊಂದು ಭಾಗ ಮುಗಿದಾಗಲೂ ಆ ಉತ್ತರದ ಕೆಳಗಿರುವ ಕಾಪಿ ಬಟನ್ ಒತ್ತಿ ಟೆಕ್ಸ್ಟ್ ಫೈಲ್‌ಗೆ ಅಂಟಿಸಿ ಸೇವ್ ಮಾಡಿ. ಕೊನೆಗೆ ಎಲ್ಲ ಒಟ್ಟಿಗೆ ಮಾಡ್ತೀನಿ ಅನ್ನಬೇಡಿ. ಪುಟ ರಿಫ್ರೆಶ್ ಆದರೆ, ಲ್ಯಾಪ್‌ಟಾಪ್ ಚಾರ್ಜ್ ಮುಗಿದರೆ, ಬ್ರೌಸರ್ ಅಪ್‌ಡೇಟ್ ಆಗಿ ತಾನೇ ಮತ್ತೆ ತೆರೆದುಕೊಂಡರೆ ಚಾಟ್ ಇರುವುದಿಲ್ಲ. ಫೋನಿನಲ್ಲಂತೂ ಬೇರೆ ನಾಲ್ಕು ಆ್ಯಪ್ ತೆರೆದಾಗ ಸಿಸ್ಟಮ್ ಹಿಂದಿನದನ್ನು ಮುಚ್ಚಿಬಿಡಬಹುದು, ಅದಕ್ಕೇ ಉದ್ದದ ಕೆಲಸವನ್ನು ಫೋನಿನ ಟೆಂಪರರಿಯಲ್ಲಿ ಮಾಡಬೇಡಿ ಅನ್ನುತ್ತೇನೆ. ಜೆಮಿನಿಯಲ್ಲಿ ಬೇರೆ ಚಾಟ್‌ಗೆ ಹೋಗಿ ಬಂದರೂ ಹಳೆಯದು ಸಿಗುವುದಿಲ್ಲ.

ಇಡೀ ಪುಟವನ್ನು ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡುವವರೂ ಇದ್ದಾರೆ. ಮಾಡಬಹುದು, ಆದರೆ ಮಾಡಿದ ಮೇಲೆ ಟ್ಯಾಬ್ ಮುಚ್ಚುವ ಮೊದಲು ಪಿಡಿಎಫ್ ತೆರೆದು ಕೊನೆಯ ಪುಟದವರೆಗೆ ನೋಡಿ. ಒಳಗೆ ಸ್ಕ್ರೋಲ್ ಆಗುವ ಪುಟಗಳಲ್ಲಿ ಪರದೆಯ ಮೇಲೆ ಕಂಡಷ್ಟೇ ಬಂದು ಉಳಿದದ್ದು ಕತ್ತರಿಸಿಹೋಗುವುದುಂಟು. ನೀವು ಅಪ್‌ಲೋಡ್ ಮಾಡಿದ ಫೈಲ್ ಅದರಲ್ಲಿ ಬರುವುದಿಲ್ಲ, ಬರೀ ಹೆಸರು ಕಾಣುತ್ತದೆ. ಷೇರ್ ಲಿಂಕ್ ಮಾಡಿ ತಮಗೇ ಕಳಿಸಿಕೊಳ್ಳುವ ಉಪಾಯ ಇಲ್ಲಿ ನಡೆಯುವುದಿಲ್ಲ, ಲಿಂಕ್ ಬೇಕಾದರೆ ಉಳಿಸಿದ ಚಾಟ್ ಬೇಕು.

ಹಂತ 4: ಮರುದಿನಕ್ಕೆ ದಾಟಿಸುವ ಟಿಪ್ಪಣಿ

ಮೊದಲ ಸಂಜೆ ನಿಲ್ಲಿಸುವ ಮೊದಲು, ಅದೇ ಚಾಟ್‌ನಿಂದ ಒಂದು ದಾಟಿಸುವ ಟಿಪ್ಪಣಿ ಬರೆಸಿಕೊಳ್ಳಿ. ಸುಮ್ನೆ ಸಾರಾಂಶ ಕೇಳಿದರೆ ಚೆಂದದ ಎರಡು ಪ್ಯಾರಾ ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ. ನಾಲ್ಕು ವಿಷಯ ಬೇಕು: ಏನು ತೀರ್ಮಾನ ಆಯಿತು, ಯಾವ ದಾರಿ ಬೇಡ ಅಂತ ಬಿಟ್ಟೆವು ಮತ್ತು ಯಾಕೆ, ಇನ್ನೂ ಏನು ಬಾಕಿ, ಪತ್ರದ ಕರಡು ಈಗ ಅಕ್ಷರಶಃ ಹೇಗಿದೆ. ಎರಡನೆಯದನ್ನು ಬಿಟ್ಟರೆ ನಾಳೆಯ ಹೊಸ ಚಾಟ್ ನೀವು ನಿನ್ನೆ ತಳ್ಳಿಹಾಕಿದ ಸಲಹೆಯನ್ನೇ ಉತ್ಸಾಹದಿಂದ ಮತ್ತೆ ಕೊಡುತ್ತದೆ.

ಈ ಟಿಪ್ಪಣಿಯನ್ನು ನಂಬುವ ಮೊದಲು ನಿಮ್ಮ ಐದು ಸಾಲಿನ ಜೊತೆ ಹೋಲಿಸಿ. ನಮ್ಮ ಉದಾಹರಣೆಯಲ್ಲಿ ಟಿಪ್ಪಣಿಯಲ್ಲಿ ದಾಖಲಾದ ದಿನ ಇದೆ, ಮೊತ್ತ ಇದೆ, ಪಾಲಿಸಿ ಶುರುವಾದ ದಿನ ಬಿಟ್ಟುಹೋಗಿದೆ ಅಂತಿಟ್ಟುಕೊಳ್ಳಿ. ಸಣ್ಣ ವಿಷಯ ಅನಿಸುತ್ತದೆ. ಆದರೆ ಇಡೀ ಕೇಸು ನಿಂತಿರುವುದು ಅದರ ಮೇಲೆ. ವಿಮಾ ಕ್ಷೇತ್ರದ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ತಂದ ನಿಯಮದ ಪ್ರಕಾರ ಆರೋಗ್ಯ ವಿಮೆ 60 ತಿಂಗಳು ನಿಲ್ಲದೆ ನಡೆದಿದ್ದರೆ, ಸಾಬೀತಾದ ವಂಚನೆ ಬಿಟ್ಟು, ಮಾಹಿತಿ ಹೇಳಿಲ್ಲ ಎಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. 2018ರ ಜೂನ್‌ನಿಂದ ನಡೆಯುತ್ತಿರುವ ಪಾಲಿಸಿಗೆ 2025ರ ಫೆಬ್ರವರಿಯಲ್ಲಿ 60 ತಿಂಗಳು ಯಾವಾಗಲೋ ದಾಟಿದೆ. ಶುರುವಿನ ದಿನ ಇಲ್ಲದ ಟಿಪ್ಪಣಿಯನ್ನು ಮರುದಿನ ಅಂಟಿಸಿದರೆ, ಹೊಸ ಚಾಟ್ ಬಿಪಿಗೂ ಈ ಕಾಯಿಲೆಗೂ ಸಂಬಂಧವಿಲ್ಲ ಅಂತ ವಾದ ಮಾಡುವ ದುರ್ಬಲ ಪತ್ರ ಬರೆಯುತ್ತದೆ, ಅತಿ ಗಟ್ಟಿ ವಾದ ಪತ್ರದಲ್ಲೇ ಇರುವುದಿಲ್ಲ. ಹಳೆಯ ಚಾಟ್ ತೆರೆದು ನೋಡೋಣ ಅಂದರೆ ಅದಿಲ್ಲ.

ಉದ್ದದ ಚಾಟ್‌ನ ಕೊನೆಯಲ್ಲಿ ಬರೆಸಿದ ಟಿಪ್ಪಣಿಯಲ್ಲಿ ಇಂಥ ತಪ್ಪು ಜಾಸ್ತಿ. ಮಾದರಿ ಒಮ್ಮೆಗೆ ಗಮನದಲ್ಲಿ ಇಟ್ಟುಕೊಳ್ಳುವ ಪಠ್ಯಕ್ಕೆ ಮಿತಿ ಇದೆ, ಬಹಳ ಉದ್ದವಾದಾಗ ಆರಂಭದ ಭಾಗ ಕೈಬಿಟ್ಟುಹೋಗಬಹುದು. ಇದು ಸಾಮಾನ್ಯ ಚಾಟ್‌ನಲ್ಲೂ ಆಗುತ್ತದೆ, ಅಲ್ಲಿ ಮರುದಿನವೂ ಮೇಲೆ ಸ್ಕ್ರೋಲ್ ಮಾಡಿ ಸರಿಪಡಿಸಿಕೊಳ್ಳಬಹುದು, ಇಲ್ಲಿ ಟ್ಯಾಬ್ ಮುಚ್ಚಿದ ಮೇಲೆ ಆಗುವುದಿಲ್ಲ. ಅದಕ್ಕೇ ಟಿಪ್ಪಣಿಯನ್ನು ಕೊನೆಗೊಂದೇ ಸಲ ಬರೆಸದೆ, ಒಂದು ಭಾಗ ಮುಗಿದಾಗ ಒಂದು ಸಲ ಬರೆಸಿ.

ಹಂತ 5: ಎರಡನೇ ದಿನ, ಅದೇ ಮೋಡ್‌ನಲ್ಲಿ

ಮರುದಿನ ಹೊಸ ಟೆಂಪರರಿ ತೆರೆದು, ಮೊದಲ ಸಂದೇಶದಲ್ಲಿ ಐದು ಸಾಲು, ಅದರ ಕೆಳಗೆ ದಾಟಿಸಿದ ಟಿಪ್ಪಣಿ, ಅದರ ಕೆಳಗೆ ಬೇಕಾದ ಷರತ್ತಿನ ಪ್ಯಾರಾ ಹಾಕಿ. ಪತ್ರ ಬರೆಸುವ ಮೊದಲು, ಕೊಟ್ಟ ಮಾಹಿತಿಯಲ್ಲಿ ಏನು ಏನು ಇದೆ ಎಂದು ವಾಪಸ್ ಪಟ್ಟಿ ಮಾಡಿಸಿ. ದಿನಾಂಕ ಸರಿ ಬಂದಿದೆಯಾ ನೋಡಿ ಮುಂದೆ ಹೋಗಿ.

ಇಲ್ಲಿ ಒಂದು ದೊಡ್ಡ ಹೊಂಡ ಇದೆ. ಟಿಪ್ಪಣಿ ಕೈಯಲ್ಲಿದೆಯಲ್ಲಾ ಅಂತ ಅದನ್ನು ಸಾಮಾನ್ಯ ಚಾಟ್‌ನಲ್ಲಿ ಅಂಟಿಸಿದರೆ, ನಿನ್ನೆ ಇಡೀ ಸಂಜೆ ಮುಚ್ಚಿಟ್ಟಿದ್ದು ಸಾರವಾಗಿ, ಅಚ್ಚುಕಟ್ಟಾಗಿ, ಹಿಸ್ಟರಿಗೂ ಮೆಮೊರಿಗೂ ಹೋಗಿ ಕೂರುತ್ತದೆ. ತರಬೇತಿಯ ಆಯ್ಕೆ ಆನ್ ಇದ್ದರೆ ಅದಕ್ಕೂ ಸಿಗುತ್ತದೆ. ಟಿಪ್ಪಣಿ ಯಾವ ಮೋಡ್‌ನಲ್ಲಿ ಹುಟ್ಟಿತೋ ಅದೇ ಮೋಡ್‌ನಲ್ಲಿ ಬಳಸಿ.

ಉತ್ತರದ ಕೆಳಗಿರುವ ಹೆಬ್ಬೆರಳಿನ ಗುರುತಿನ ವಿಷಯವೂ ಹೀಗೆಯೇ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಒತ್ತುವುದು ಕಂಪನಿಗೆ ಅಭಿಪ್ರಾಯ ಕಳಿಸಿದ ಹಾಗೆ, ಆಗ ಆ ಸಂಭಾಷಣೆಯೂ ಜೊತೆಗೆ ಹೋಗಬಹುದು, ಅದಕ್ಕೆ ಬೇರೆ ಗಡುವು ಇರಬಹುದು. ಗುಟ್ಟಿನ ಚಾಟ್‌ನಲ್ಲಿ ಅದನ್ನು ಮುಟ್ಟಬೇಡಿ.

ಆ ಟೆಕ್ಸ್ಟ್ ಫೈಲ್ ಎಲ್ಲಿದೆ ಅನ್ನುವುದನ್ನೂ ನೋಡಿಕೊಳ್ಳಿ. ಹಂಚಿಕೊಂಡ ಗೂಗಲ್ ಡ್ರೈವ್‌ನಲ್ಲಿ ಇಟ್ಟರೆ ಅಣ್ಣನಿಗೆ ಚಾಟ್ ಕಾಣದಿದ್ದರೂ ಫೈಲ್ ಕಾಣುತ್ತದೆ. ಒಂಬುಡ್ಸ್‌ಮನ್‌ಗೆ ದೂರು ಕೊಡಲು, ದೂರು ಪತ್ರವನ್ನು ಕಂಪನಿ ತಿರಸ್ಕರಿಸಿದ ಮೇಲೆ ಒಂದು ವರ್ಷ ಅವಕಾಶ ಇರುವುದರಿಂದ, ಫೈಲನ್ನು ಅಷ್ಟು ಕಾಲವಾದರೂ ಇಟ್ಟುಕೊಳ್ಳಬೇಕಾಗುತ್ತದೆ. ಪಾಸ್‌ವರ್ಡ್ ಹಾಕಿದ ಫೋಲ್ಡರ್ ಆದರೆ ಒಳ್ಳೆಯದು.

ಮುಚ್ಚಿಹೋಯಿತು, ಈಗೇನು?

ಟ್ಯಾಬ್ ಇನ್ನೂ ತೆರೆದಿದ್ದು, ನೆಟ್ ಹೋಗಿ ಉತ್ತರ ನಿಂತಿದೆ ಅಷ್ಟೇ ಅಂದರೆ, ರಿಫ್ರೆಶ್ ಒತ್ತಬೇಡಿ. ಮೊದಲು ಕಾಣುವುದನ್ನೆಲ್ಲ ಆಯ್ಕೆ ಮಾಡಿ ಕಾಪಿ ಮಾಡಿಕೊಳ್ಳಿ. ಟ್ಯಾಬ್ ಮುಚ್ಚಿದ್ದರೆ Ctrl+Shift+T ಒತ್ತಿದಾಗ ವಿಳಾಸ ಮತ್ತೆ ತೆರೆಯುತ್ತದೆ, ಮಾತು ಬರುವುದಿಲ್ಲ, ಖಾಲಿ ಟೆಂಪರರಿ ಚಾಟ್ ಸಿಗುತ್ತದೆ. ವಿಂಡೋಸ್‌ನಲ್ಲಿ ಕ್ಲಿಪ್‌ಬೋರ್ಡ್ ಹಿಸ್ಟರಿ ಮೊದಲೇ ಆನ್ ಮಾಡಿದ್ದರೆ Win+V ಒತ್ತಿ ನೋಡಿ, ಮಧ್ಯದಲ್ಲಿ ಕಾಪಿ ಮಾಡಿದ ತುಣುಕುಗಳು ಅಲ್ಲಿ ಇರಬಹುದು. ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಯಾರಿಗಾದರೂ ವಾಟ್ಸ್ಆ್ಯಪ್‌ನಲ್ಲಿ ಒಂದು ಪ್ಯಾರಾ ಕಳಿಸಿದ್ದಿರಾ ನೋಡಿ. ಇಷ್ಟರಲ್ಲಿ ಸಿಗದಿದ್ದರೆ ಇನ್ನು ಹುಡುಕಬೇಡಿ. Data controls ಒಳಗಿನ Export data ಒತ್ತಿದರೆ ಮೇಲ್‌ಗೆ ಲಿಂಕ್ ಬರುತ್ತದೆ, ಆದರೆ ಅದು ಹಿಸ್ಟರಿಯಲ್ಲಿರುವ ಚಾಟ್‌ಗಳ ಪ್ರತಿ, ಟೆಂಪರರಿ ಅದರಲ್ಲಿ ಇರುವುದಿಲ್ಲ.

30 ದಿನ ಅನ್ನುವ ಮಾತು ಎಷ್ಟು ಗಟ್ಟಿ?

ಅದು ಕಂಪನಿಯ ನೀತಿ, ಕೋರ್ಟ್ ಆದೇಶ ಅದಕ್ಕಿಂತ ಮೇಲು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಓಪನ್‌ಎಐ ಮೇಲೆ ಹೂಡಿದ ಮೊಕದ್ದಮೆಯಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ 2025ರ ಮೇ 13ರಂದು, ಇಲ್ಲದಿದ್ದರೆ ಅಳಿಸಿಹೋಗುತ್ತಿದ್ದ ಚಾಟ್ ದಾಖಲೆಗಳನ್ನು ಅಳಿಸದೆ ಇಟ್ಟುಕೊಳ್ಳಲು ಆದೇಶಿಸಿತು. ಆಗ ಉಚಿತ, ಪ್ಲಸ್, ಪ್ರೊ ಖಾತೆಗಳ 30 ದಿನದ ಲೆಕ್ಕ ನಿಂತುಹೋಯಿತು. ಎಂಟರ್‌ಪ್ರೈಸ್ ಮತ್ತು ಶಿಕ್ಷಣ ಸಂಸ್ಥೆಗಳ ಖಾತೆಗಳು ಅದರಿಂದ ಹೊರಗಿದ್ದವು. ಹೊಸ ದಾಖಲೆಗಳನ್ನು ಹೀಗೆ ಇಟ್ಟುಕೊಳ್ಳುವ ಹೊಣೆ 2025ರ ಸೆಪ್ಟೆಂಬರ್ 26ಕ್ಕೆ ಮುಗಿಯಿತು. ಆ ತಿಂಗಳುಗಳಲ್ಲಿ ಟೆಂಪರರಿ ಬಳಸಿದವರ ಪರದೆಯಲ್ಲಿ ಏನೂ ಬದಲಾದಂತೆ ಕಾಣಲಿಲ್ಲ, ಹಿಸ್ಟರಿ ಖಾಲಿಯೇ ಇತ್ತು.

ಆಫೀಸಿನ ಖಾತೆಯಲ್ಲಿ ಲೆಕ್ಕ ಇನ್ನೂ ಬೇರೆ. ಕ್ಲಾಡ್‌ನ ಟೀಮ್ ಮತ್ತು ಎಂಟರ್‌ಪ್ರೈಸ್ ಖಾತೆಗಳಲ್ಲಿ ಸಂಸ್ಥೆಯ ಕಡೆಯವರು ಡೇಟಾ ಎಕ್ಸ್‌ಪೋರ್ಟ್ ಮಾಡಿದರೆ ಇನ್ಕಾಗ್ನಿಟೊ ಚಾಟ್‌ಗಳೂ ಅದರಲ್ಲಿ ಬರುತ್ತವೆ. ನಿಮಗೆ ಕಾಣದ್ದು ಅವರಿಗೆ ಕಾಣಬಹುದು. ಬೇರೆ ಸೇವೆಗಳಲ್ಲೂ ಎಷ್ಟು ಕಾಲ ಇಡಬೇಕೆಂದು ಸಂಸ್ಥೆಯೇ ನಿಗದಿ ಮಾಡುವ ವ್ಯವಸ್ಥೆ ಇರುತ್ತದೆ, ಲ್ಯಾಪ್‌ಟಾಪ್ ಆಫೀಸಿನದ್ದಾದರೆ ಅದರ ಮೇಲಿನ ಕಣ್ಗಾವಲು ಸಾಫ್ಟ್‌ವೇರ್ ಬೇರೆ. ಕೆಲಸ ಬಿಡುವ ಯೋಚನೆ, ಮ್ಯಾನೇಜರ್ ಮೇಲಿನ ದೂರು, ಅಪ್ಪನ ಕ್ಲೇಮ್, ಇವನ್ನು ಸ್ವಂತ ಖಾತೆಯಲ್ಲಿ, ಸ್ವಂತ ಕಂಪ್ಯೂಟರ್‌ನಲ್ಲಿ ಮಾಡಿ.